ಮೀಟಿಂಗ್ ಯಾವ ಹೊತ್ತಿಗೆ? ಕಾರಣ ಬೇಡ, ಗಂಟೆ ಸಾಕು

ಪ್ರಶ್ನೆ: ನಮ್ಮ ತಂಡದಲ್ಲಿ ಒಂಬತ್ತು ಜನ ಇದ್ದೇವೆ. ಪ್ರತಿ ಗುರುವಾರ ಸಂಜೆ ನಾಲ್ಕೂವರೆಗೆ ಒಂದು ಗಂಟೆಯ ಮೀಟಿಂಗ್. ಒಬ್ಬರು ಐದಕ್ಕೆಲ್ಲ ಎದ್ದು ಹೋಗ್ತಾರೆ, ಮನೆಯಲ್ಲಿ ಯಾರನ್ನೋ ನೋಡಿಕೊಳ್ಳಬೇಕು ಅನ್ಸುತ್ತೆ. ಇನ್ನೊಬ್ಬರು ಕೆಲವು ದಿನ ತುಂಬಾ ಸುಸ್ತಾಗಿರ್ತಾರೆ, ಉಪವಾಸ ಇರಬಹುದು. ಮಧ್ಯಾಹ್ನಕ್ಕೆ ಹಾಕಿದರೆ ಊಟದ ಹೊತ್ತಿಗೆ ತಾಗುತ್ತೆ. ನೇರವಾಗಿ ಕೇಳೋಣ ಅಂದ್ರೆ ಮುಜುಗರ. ಏನನ್ನೂ ಕೆದಕದೆ ಎಲ್ಲರಿಗೂ ಆಗುವ ಸಮಯ ಹುಡುಕೋದು ಹೇಗೆ?

ಉತ್ತರ: ನೀವು ಕೇಳದೇ ಇದ್ದದ್ದು ಒಳ್ಳೆಯದೇ ಆಯಿತು. "ಇವತ್ತು ಉಪವಾಸಾನಾ?" ಎನ್ನುವುದು ಕೇಳುವವರಿಗೆ ಚಿಕ್ಕ ಪ್ರಶ್ನೆ. ಉತ್ತರ ಕೊಡಬೇಕಾದವರಿಗೆ ಅಷ್ಟು ಚಿಕ್ಕದಲ್ಲ. ರಂಜಾನ್ ತಿಂಗಳನ್ನೇ ತಗೊಳ್ಳಿ. ಕಾಯಿಲೆ ಇದ್ದವರಿಗೆ, ಪ್ರಯಾಣದಲ್ಲಿರುವವರಿಗೆ, ಬಸುರಿಯರಿಗೆ, ಎದೆಹಾಲು ಕೊಡುವ ತಾಯಂದಿರಿಗೆ ಉಪವಾಸದಿಂದ ರಿಯಾಯಿತಿ ಇದೆ. ಮುಟ್ಟಿನ ದಿನಗಳಲ್ಲಿ ಹೆಂಗಸರು ಉಪವಾಸ ಮಾಡುವುದಿಲ್ಲ. ಈಗ ಯಾರಾದರೂ ನಗುನಗುತ್ತಲೇ "ಓಹ್, ಇವತ್ತು ಉಪವಾಸ ಇಲ್ವಾ?" ಅಂದರೆ ಆ ಸಹೋದ್ಯೋಗಿ ಏನು ಹೇಳಬೇಕು? ನಿಜ ಹೇಳಿದರೆ ತನ್ನ ಮೈಯ ವಿಷಯ ನಾಲ್ಕು ಜನರ ಮುಂದೆ ಬಂತು. ಹೇಳದೇ ಇದ್ದರೆ ಏನಾದರೊಂದು ಸುಳ್ಳು ಹುಡುಕಬೇಕು.

ಮನೆಯವರನ್ನು ನೋಡಿಕೊಳ್ಳುವವರ ಕಥೆಯೂ ಇದೇ. "ಐದಕ್ಕೆ ಎಲ್ಲಿಗೆ ಹೋಗ್ತೀರಿ?" ಎಂಬ ಪ್ರಶ್ನೆಯ ಹಿಂದೆ ಡೇ-ಕೇರ್‌ನಲ್ಲಿರುವ ಮಗು ಇರಬಹುದು, ಡಯಾಲಿಸಿಸ್‌ಗೆ ಹೋಗುವ ಅಪ್ಪ ಇರಬಹುದು, ಹೊರಗೆ ಹೇಳಿಕೊಳ್ಳಲಾಗದ ಇನ್ನೇನೋ ಇರಬಹುದು. ಇಂಥ ವಿವರಗಳನ್ನು ಪಟ್ಟಿ ಮಾಡಿ ಇಡುವುದು ಇನ್ನೂ ತೊಂದರೆಯ ಕೆಲಸ. ಯುರೋಪಿಯನ್ ಒಕ್ಕೂಟದ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನಿನ 9ನೇ ವಿಧಿ ಧಾರ್ಮಿಕ ನಂಬಿಕೆಯನ್ನೂ ಆರೋಗ್ಯದ ಮಾಹಿತಿಯನ್ನೂ ವಿಶೇಷ ರಕ್ಷಣೆಯ ಸಾಲಿಗೆ ಸೇರಿಸಿದೆ. "ಯಾರ್ಯಾರು ಯಾವತ್ತು ಉಪವಾಸ" ಎಂಬ ಎಕ್ಸೆಲ್ ಹಾಳೆ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾದರೂ ಆ ಸಾಲಿಗೇ ಬೀಳುತ್ತದೆ.

ಅದೃಷ್ಟಕ್ಕೆ ನಿಮಗೆ ಆ ಮಾಹಿತಿ ಬೇಕಾಗೇ ಇಲ್ಲ. ಮೀಟಿಂಗ್ ಇಡುವವರಿಗೆ ಬೇಕಾದದ್ದು ಗಂಟೆ, ಅಷ್ಟೇ. ನಾಲ್ಕೂವರೆ ಯಾಕೆ ಆಗುವುದಿಲ್ಲ ಎಂದು ಗೊತ್ತಾದರೂ ಗೊತ್ತಾಗದಿದ್ದರೂ ನೀವು ಮಾಡುವ ಕೆಲಸ ಒಂದೇ, ಬೇರೆ ಹೊತ್ತು ಹುಡುಕುವುದು. ಹಾಗಾಗಿ ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಒಂದೇ ದಿನ ಕಳಿಸಿ. ಆ ಇಬ್ಬರಿಗೆ ಮಾತ್ರ ಕೇಳಿದರೆ, ನೀವು ಅವರನ್ನು ಗಮನಿಸುತ್ತಿದ್ದೀರಿ ಎಂದು ಅವರಿಗೆ ತಿಳಿದೇ ಹೋಗುತ್ತದೆ.

ಸಂದೇಶ ಹೀಗಿರಲಿ:

> ಮುಂದಿನ ಮೂರು ತಿಂಗಳ ಗುರುವಾರದ ಮೀಟಿಂಗ್‌ಗೆ ಸಮಯ ಗೊತ್ತು ಮಾಡುತ್ತಿದ್ದೇವೆ. ಕೆಳಗಿನ ನಾಲ್ಕು ಹೊತ್ತುಗಳ ಮುಂದೆ "ಆಗುತ್ತೆ", "ಕಷ್ಟ", "ಆಗಲ್ಲ" ಇವುಗಳಲ್ಲಿ ಒಂದನ್ನು ಗುರುತು ಮಾಡಿ. ಕೆಲವು ವಾರ ಮಾತ್ರ ತೊಂದರೆ ಇದ್ದರೆ "ಕಷ್ಟ" ಅನ್ನಿ. ಕಾರಣ ಬರೆಯಬೇಡಿ. ಹೆಸರು ಕಾಣುವುದಿಲ್ಲ. ಸೋಮವಾರ ಸಂಜೆಯೊಳಗೆ ಕೊಟ್ಟರೆ ಸಾಕು.

ಇಲ್ಲಿ "ಕಾರಣ ಬರೆಯಬೇಡಿ" ಎಂದು ಬಿಡಿಸಿ ಹೇಳಿದ್ದನ್ನು ನೋಡಿ. "ಕಾರಣ ಬರೆಯುವುದು ಐಚ್ಛಿಕ" ಎಂದರೆ ಕೆಲಸ ಕೆಟ್ಟಿತು. ಮೇಲಿನವರು ಐಚ್ಛಿಕ ಅಂದದ್ದನ್ನು ಅರ್ಧ ಜನ ಕಡ್ಡಾಯ ಎಂದೇ ಓದಿಕೊಳ್ಳುತ್ತಾರೆ. ಒಬ್ಬರು ಬರೆದು ಇನ್ನೊಬ್ಬರು ಬರೆಯದಿದ್ದರೆ, ಬರೆಯದವರು ಏನೋ ಮುಚ್ಚಿಡುತ್ತಿದ್ದಾರೆ ಅನ್ನುವ ಹಾಗೆ ಕಾಣುತ್ತದೆ. ಫಾರ್ಮಿನಲ್ಲಿ ಟಿಪ್ಪಣಿಯ ಜಾಗವನ್ನೇ ಇಡಬೇಡಿ.

ಹೆಸರು ಬೇಡ ಅನ್ನುವುದಕ್ಕೂ ಕಾರಣ ಇದೆ. ನೀವು ತಂಡದ ಮುಖ್ಯಸ್ಥರಾಗಿದ್ದರೆ ವರ್ಷದ ಕೊನೆಗೆ ಇವರ ಕೆಲಸಕ್ಕೆ ಅಂಕ ಕೊಡುವವರೂ ನೀವೇ ಇರುತ್ತೀರಿ. ಅಂಥವರಿಗೆ ತನ್ನ ಹೆಸರು ಕಾಣುತ್ತದೆ ಅಂದರೆ "ಆಗಲ್ಲ" ಅನ್ನಬೇಕಾದವರು "ಕಷ್ಟ" ಅನ್ನುತ್ತಾರೆ, "ಕಷ್ಟ" ಅನ್ನಬೇಕಾದವರು "ಆಗುತ್ತೆ" ಅನ್ನುತ್ತಾರೆ. ಆಮೇಲೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ಇನ್ನು, ಯಾರಾದರೂ ಸುಮ್ನೆ ತಪ್ಪಿಸಿಕೊಳ್ಳೋಕೆ ಎಲ್ಲದಕ್ಕೂ "ಆಗಲ್ಲ" ಅಂದುಬಿಟ್ಟರೆ? ಅದು ಆಗುವುದು ತೀರಾ ಅಪರೂಪ. ಆದರೂ ಆ ಸಮಸ್ಯೆಗೆ ಮದ್ದು ಬೇರೆ. ಅದನ್ನು ಸಮಯದ ಪಟ್ಟಿಯಲ್ಲಿ ಹುಡುಕಬೇಡಿ.

ಈಗ ಉತ್ತರಗಳು ಬಂದವು ಅಂತಿಟ್ಟುಕೊಳ್ಳಿ. ನಿಮ್ಮ ಒಂಬತ್ತು ಜನರ ತಂಡಕ್ಕೇ ಒಂದು ಲೆಕ್ಕ ಹಾಕಿ ನೋಡೋಣ. ಬೆಳಿಗ್ಗೆ 9:30ಕ್ಕೆ ನಾಲ್ವರಿಗೆ ಆಗುತ್ತೆ, ಇಬ್ಬರಿಗೆ ಕಷ್ಟ, ಮೂವರಿಗೆ ಆಗಲ್ಲ. 11ಕ್ಕೆ ಐವರಿಗೆ ಆಗುತ್ತೆ, ನಾಲ್ವರಿಗೆ ಕಷ್ಟ, ಆಗಲ್ಲ ಅಂದವರು ಯಾರೂ ಇಲ್ಲ. ಮಧ್ಯಾಹ್ನ 2ಕ್ಕೆ ಆರು ಜನರಿಗೆ ಆಗುತ್ತೆ, ಇಬ್ಬರಿಗೆ ಕಷ್ಟ, ಒಬ್ಬರಿಗೆ ಆಗಲ್ಲ. ಈಗಿರುವ 4:30ಕ್ಕೆ ಏಳು ಜನರಿಗೆ ಆಗುತ್ತೆ, ಇಬ್ಬರಿಗೆ ಆಗಲ್ಲ.

ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಎಲ್ಲಿ "ಆಗುತ್ತೆ" ಜಾಸ್ತಿ ಇದೆಯೋ ಅದನ್ನೇ ಆರಿಸಿಬಿಡುತ್ತಾರೆ. ಹಾಗೆ ನೋಡಿದರೆ ಗೆದ್ದದ್ದು 4:30. ಅಂದರೆ ಇಷ್ಟೆಲ್ಲ ಮಾಡಿ ಹೊರಟಲ್ಲಿಗೇ ಬಂದು ನಿಂತಿರಿ. ಜೊತೆಗೆ "ಎಲ್ಲರನ್ನೂ ಕೇಳಿದ್ದೇವಲ್ಲ" ಅನ್ನುವ ಸಮಾಧಾನ ಬೇರೆ. ಬಹುಮತದಿಂದ ಸಮಯ ಆರಿಸಿದರೆ ಪ್ರತಿ ಸಲವೂ ಹೊರಗುಳಿಯುವವರು ಅದೇ ಇಬ್ಬರು. ಏಕೆಂದರೆ ಅವರ ಗಂಟೆಗಳು ವಾರದಿಂದ ವಾರಕ್ಕೆ ಬದಲಾಗುವಂಥವಲ್ಲ.

ಅದಕ್ಕೇ ಲೆಕ್ಕವನ್ನು ತಿರುಗಿಸಿ ಹಾಕಿ. ಮೊದಲು ಒಬ್ಬರಿಗಾದರೂ "ಆಗಲ್ಲ" ಇರುವ ಹೊತ್ತುಗಳನ್ನೆಲ್ಲ ತೆಗೆದುಹಾಕಿ. ಉಳಿದವುಗಳಲ್ಲಿ "ಕಷ್ಟ" ಕಡಿಮೆ ಇರುವುದನ್ನು ಆರಿಸಿ. "ಆಗುತ್ತೆ" ಎಷ್ಟಿದೆ ಎಂದು ಎಣಿಸುವ ಅಗತ್ಯವೇ ಇಲ್ಲ. ಈ ಲೆಕ್ಕದಲ್ಲಿ ಉಳಿದದ್ದು 11 ಗಂಟೆ ಒಂದೇ.

ಆದರೆ ನಾಲ್ವರಿಗೆ ಕಷ್ಟ ಅಂದರೆ ಸಣ್ಣ ಸಂಖ್ಯೆಯಲ್ಲ. ಇಲ್ಲಿ ನೀವು ಇನ್ನೊಂದು ಪ್ರಶ್ನೆ ಕೇಳಬಹುದು, ಅದು ಮೀಟಿಂಗಿನ ಬಗ್ಗೆ. "11ರ ಮೀಟಿಂಗ್ ಹೇಗಿದ್ದರೆ ಸುಲಭ ಆಗುತ್ತೆ?" ಎಂದು ಕೇಳಿದರೆ ಯಾರೂ ತಮ್ಮ ಮನೆಯ ವಿಷಯ ಎತ್ತಬೇಕಾಗಿಲ್ಲ. ಬರುವ ಉತ್ತರಗಳು ಹೆಚ್ಚಾಗಿ ಹೀಗಿರುತ್ತವೆ: ಬೆಳಗಿನ ಕೆಲಸ ಮಧ್ಯದಲ್ಲಿ ಕಡಿದುಹೋಗುತ್ತೆ, ಒಂದು ಗಂಟೆ ಅಂತ ಶುರುವಾಗಿ ಒಂದೂಕಾಲು ಗಂಟೆ ಎಳೆಯುತ್ತೆ, ಊಟಕ್ಕೆ ತಡ ಆಗುತ್ತೆ. ಇವಕ್ಕೆಲ್ಲ ಪರಿಹಾರ ನಿಮ್ಮ ಕೈಯಲ್ಲೇ ಇದೆ. ಮೀಟಿಂಗನ್ನು 60 ನಿಮಿಷದಿಂದ 40ಕ್ಕೆ ಇಳಿಸಿ, 11:20ಕ್ಕೆ ಶುರು ಮಾಡಿ 12ಕ್ಕೆ ಮುಗಿಸಿ. ಹೊಸ ಹೊತ್ತನ್ನು ಇನ್ನೊಮ್ಮೆ ಅದೇ ಮೂರು ಗುರುತುಗಳಿಗೆ ಹಾಕಿ ನೋಡಿ. ಇಪ್ಪತ್ತು ನಿಮಿಷ ಸರಿದದ್ದರಿಂದ ಇನ್ಯಾರಿಗೋ "ಆಗಲ್ಲ" ಆಗಿರಬಹುದು.

ಮುಗಿಯುವ ಹೊತ್ತಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಎಲ್ಲರೂ ಶುರುವಾಗುವ ಹೊತ್ತಿನ ಬಗ್ಗೆ ಜಗಳ ಆಡುತ್ತಾರೆ, ತೊಂದರೆ ಕೊಡುವುದು ಮುಗಿಯುವ ಹೊತ್ತು. ಊಟದ ಬಿಡುವು 12:30ಕ್ಕೆ ಇದ್ದು ಮೀಟಿಂಗ್ 12:30ಕ್ಕೇ ಮುಗಿಯಬೇಕು ಅಂತಿದ್ದರೆ ಅದು ಊಟದೊಳಕ್ಕೆ ನುಗ್ಗುವುದು ಖಂಡಿತ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ಹೊತ್ತಿಗೆ ಸರಿಯಾಗಿ ಆಗಬೇಕು. ಎದೆಹಾಲು ಹಿಂಡಿ ಇಡಬೇಕಾದ ತಾಯಿಗೆ ಆ ಬಿಡುವು ಅದಕ್ಕೇ ಬೇಕು. ಅವರು ಬಾಯಿಬಿಟ್ಟು ಹೇಳುವುದಿಲ್ಲ, ಗಡಿಯಾರ ನೋಡುತ್ತಾ ಕೂರುತ್ತಾರೆ. ಊಟಕ್ಕೂ ಮೀಟಿಂಗಿಗೂ ನಡುವೆ ಅರ್ಧ ಗಂಟೆ ಖಾಲಿ ಬಿಟ್ಟರೆ ಎಳೆದಾಟವೆಲ್ಲ ಆ ಖಾಲಿ ಜಾಗದಲ್ಲೇ ಮುಗಿಯುತ್ತದೆ. ಸಂಜೆಯೂ ಹಾಗೆಯೇ. ಐದಕ್ಕೆ ಹೊರಡಬೇಕಾದವರಿಗೆ ಐದಕ್ಕೆ ಮುಗಿಯುವ ಮೀಟಿಂಗ್ ತಡವಾದದ್ದೇ. ಡೇ-ಕೇರ್ ಬಾಗಿಲು ನಿಮ್ಮ ಕೊನೆಯ ಸ್ಲೈಡಿಗಾಗಿ ಕಾಯುವುದಿಲ್ಲ, ಅಲ್ವಾ?

ಇದಕ್ಕೆ ಅಂಟಿಕೊಂಡ ಒಂದು ಅಭ್ಯಾಸವಿದೆ, ನನಗೆ ಅದರ ಮೇಲೆ ಸಿಟ್ಟು. ಮುಖ್ಯವಾದ ತೀರ್ಮಾನಗಳನ್ನು ಮೀಟಿಂಗಿನ ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳುವುದು. ಅಷ್ಟೊತ್ತಿಗೆ ಹೊರಡಬೇಕಾದವರು ಹೊರಟಿರುತ್ತಾರೆ, ಬೆಳಗಿನಿಂದ ಏನೂ ತಿನ್ನದವರಿಗೆ ಮಾತು ಮುಂದುವರಿಸುವ ಶಕ್ತಿ ಇರುವುದಿಲ್ಲ. ತೀರ್ಮಾನ ಆಗುತ್ತದೆ, ಅವರ ಮಾತಿಲ್ಲದೆ. ತೀರ್ಮಾನದ ವಿಷಯಗಳನ್ನು ಮೊದಲ ಕಾಲು ಗಂಟೆಗೆ ತನ್ನಿ, ವರದಿ ಒಪ್ಪಿಸುವುದನ್ನು ಕೊನೆಗೆ ತಳ್ಳಿ. ಸಮಯ ಬದಲಿಸಲು ಆಗದ ಮೀಟಿಂಗಿನಲ್ಲೂ ಇದೊಂದನ್ನು ಮಾಡಬಹುದು.

ಯಾವ ಹೊತ್ತಿಗೂ "ಆಗಲ್ಲ" ಇಲ್ಲದಿರುವುದು ಸಾಧ್ಯವೇ ಆಗದಿದ್ದರೆ ಎರಡು ಹೊತ್ತುಗಳನ್ನು ವಾರ ಬಿಟ್ಟು ವಾರ ಇಡಿ, ಒಬ್ಬರೇ ಎರಡಕ್ಕೂ ತಪ್ಪದ ಹಾಗೆ ನೋಡಿಕೊಂಡು. ಯಾರು ಯಾವುದಕ್ಕೆ ತಪ್ಪುತ್ತಾರೆ ಎಂದು ತಿಳಿಯಲು ಇಲ್ಲಿ ಹೆಸರು ಬೇಕಾಗುತ್ತದೆ. ಆ ಪಟ್ಟಿಯನ್ನು ನೀವು ನೋಡಬೇಡಿ, ಅಂಕ ಕೊಡುವ ಅಧಿಕಾರ ಇಲ್ಲದ ಒಬ್ಬ ಸಹೋದ್ಯೋಗಿಗೆ ಒಪ್ಪಿಸಿ. ಬರಲಾಗದವರು ಮುಂಚೆಯೇ ನಾಲ್ಕು ಸಾಲು ಬರೆದು ಕಳಿಸಲಿ. ತೀರ್ಮಾನ ಮರುದಿನ ಮಧ್ಯಾಹ್ನದವರೆಗೆ ತೆರೆದಿರಲಿ.

ಇನ್ನು ಉಪವಾಸದ ದಿನಗಳು. ಹೆಚ್ಚಿನವರು ಹಬ್ಬಗಳ ಕ್ಯಾಲೆಂಡರ್ ನೋಡಿಕೊಂಡರೆ ಸಾಕು ಅಂದುಕೊಳ್ಳುತ್ತಾರೆ. ಕ್ಯಾಲೆಂಡರಿಗೆ ಒಂದು ಮಟ್ಟಿನ ಉಪಯೋಗವಿದೆ. ಹಿಜರಿ ವರ್ಷ ನಮ್ಮ ಗೋಡೆ ಕ್ಯಾಲೆಂಡರಿನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ರಂಜಾನ್ ಪ್ರತಿ ವರ್ಷ ಅಷ್ಟೇ ಹಿಂದಕ್ಕೆ ಬರುತ್ತದೆ, ಸೂರ್ಯ ಮುಳುಗುವ ಹೊತ್ತೂ ಬೇರೆಯಾಗುತ್ತದೆ. ಕೆಲವು ವರ್ಷಗಳ ಹಿಂದೆ ಹೊಂದಿದ್ದ ಸಮಯ ಈಗ ಹೊಂದಬೇಕೆಂದಿಲ್ಲ. ಚಂದ್ರ ಕಂಡ ಮೇಲೆ ತಿಂಗಳು ಶುರು ಎನ್ನುವ ಕಡೆಗಳಲ್ಲಿ ಒಂದು ದಿನ ಹೆಚ್ಚುಕಡಿಮೆ ಆಗುತ್ತದೆ, ಈದ್ ಕೂಡ ಹಾಗೆಯೇ. ಏಕಾದಶಿ ಚಾಂದ್ರಮಾನ ತಿಂಗಳಿಗೆ ಎರಡು ಸಲ. ತಿಥಿಯ ಲೆಕ್ಕದಲ್ಲಿ ಸ್ಮಾರ್ತರಿಗೂ ವೈಷ್ಣವರಿಗೂ ಕೆಲವೊಮ್ಮೆ ಒಂದು ದಿನ ವ್ಯತ್ಯಾಸ. ಸಂಕಷ್ಟಿ ಮಾಡುವವರು ಚಂದ್ರ ಹುಟ್ಟಿದ ಮೇಲೆಯೇ ಊಟ ಮಾಡುವುದು. ಯಹೂದಿಗಳ ಯೋಮ್ ಕಿಪ್ಪುರ್ ಹಿಂದಿನ ದಿನ ಸೂರ್ಯ ಮುಳುಗುವ ಹೊತ್ತಿಗೆ ಶುರುವಾಗಿ ಸುಮಾರು 25 ಗಂಟೆ ನಡೆಯುತ್ತದೆ. ಕ್ಯಾಲೆಂಡರಿನಲ್ಲಿ ಒಂದು ದಿನ ಎಂದು ಕಂಡರೂ ಹಿಂದಿನ ಸಂಜೆಯನ್ನೂ ಲೆಕ್ಕಕ್ಕೆ ತಗೋಬೇಕು.

ಆದರೆ ಇದೆಲ್ಲ ತಿಳಿದುಕೊಂಡರೂ ನಿಮ್ಮ ತಂಡದಲ್ಲಿ ಯಾರು ಉಪವಾಸ ಮಾಡುತ್ತಾರೆ ಎಂದು ಕ್ಯಾಲೆಂಡರ್ ಹೇಳುವುದಿಲ್ಲ. ಒಬ್ಬರ ಹೆಸರು ನೋಡಿ ಧರ್ಮ ಊಹಿಸುವುದು, ಧರ್ಮ ನೋಡಿ ಉಪವಾಸ ಊಹಿಸುವುದು, ಇವೆರಡೂ ತಪ್ಪಬಹುದು. ಪ್ರತಿ ಸೋಮವಾರವೋ ಶನಿವಾರವೋ ತನ್ನದೇ ಹರಕೆ ಇಟ್ಟುಕೊಂಡವರು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಆದ್ದರಿಂದ ಕ್ಯಾಲೆಂಡರನ್ನು ದೊಡ್ಡ ಕಾರ್ಯಕ್ರಮಗಳಿಗೆ ಮಾತ್ರ ಇಟ್ಟುಕೊಳ್ಳಿ: ಇಡೀ ದಿನದ ಕಾರ್ಯಾಗಾರ, ತಂಡದ ಊಟ, ವರ್ಷದ ದೊಡ್ಡ ವಿಮರ್ಶೆ. ಅಂಥವನ್ನು ಹೆಚ್ಚು ಜನ ಉಪವಾಸ ಮಾಡುವ ದಿನಗಳಿಂದ ದೂರ ಇಡಿ, ಚಂದ್ರನ ಲೆಕ್ಕದ ದಿನಗಳಿಗೆ ಹಿಂದೆ ಮುಂದೆ ಒಂದೊಂದು ದಿನ ಬಿಡಿ. ವಾರದ ಮೀಟಿಂಗಿಗೆ ಆ ಮೂರು ಗುರುತುಗಳೇ ಸಾಕು.

ಆ ಪ್ರಶ್ನೆಯನ್ನು ಯಾವಾಗ ಕಳಿಸುತ್ತೀರಿ ಎಂಬುದೂ ಮುಖ್ಯ. ಸರಿಯಾಗಿ ರಂಜಾನ್ ಹಿಂದಿನ ವಾರ ಕಳಿಸಿದರೆ "ಇದು ಯಾರಿಗೋಸ್ಕರ" ಎಂದು ಎಲ್ಲರಿಗೂ ತಿಳಿಯುತ್ತದೆ. ಮೂರು ತಿಂಗಳಿಗೊಮ್ಮೆ, ಗೊತ್ತಾದ ವಾರದಲ್ಲಿ, ಕಾರಣ ಇದ್ದರೂ ಇಲ್ಲದಿದ್ದರೂ ಕಳಿಸಿ. ನಡುವೆ ಒಂದಿಷ್ಟು ವಾರ ಮಾತ್ರ ಬದಲಾಗಬೇಕಾದವರಿಗೆ ಬೇರೆ ದಾರಿ ಬೇಕು. ಅದಕ್ಕೆ ತಂಡದಲ್ಲಿ ಒಂದು ನಿಯಮ ಮಾಡಿಕೊಳ್ಳಿ: ಎರಡು ದಿನ ಮುಂಚೆ "ಈ ಸಲ ಬೇರೆ ಹೊತ್ತು ಆಗಬಹುದಾ?" ಎಂದು ಯಾರು ಬೇಕಾದರೂ ಕೇಳಬಹುದು, ಯಾಕೆ ಎಂದು ಯಾರೂ ಕೇಳುವಂತಿಲ್ಲ. ಈ ನಿಯಮವನ್ನು ಮೊದಲು ನೀವೇ ಬಳಸಿ. ಮುಖ್ಯಸ್ಥರು ಕಾರಣ ಹೇಳದೆ ಒಂದು ಸಲ ಸಮಯ ಬದಲಿಸಿದರೆ ಉಳಿದವರಿಗೂ ಧೈರ್ಯ ಬರುತ್ತದೆ.

ಹೊಸ ಸಮಯ ತಿಳಿಸುವಾಗ ಒಂದೇ ವಾಕ್ಯ ಸಾಕು: "ಮುಂದಿನ ಮೂರು ತಿಂಗಳು ಗುರುವಾರ 11:20ರಿಂದ 12." ಇಲ್ಲೇ ಬಹಳ ಜನ ಎಡವುತ್ತಾರೆ. "ಕೆಲವರ ಅನುಕೂಲಕ್ಕಾಗಿ" ಎಂದು ಸೇರಿಸಿದರೆ ಮುಗಿಯಿತು. ಒಂಬತ್ತೇ ಜನರಲ್ಲಿ ಆ "ಕೆಲವರು" ಯಾರು ಎಂದು ಲೆಕ್ಕ ಹಾಕಲು ಎಷ್ಟು ಹೊತ್ತು? ಗುರುತು ಹಾಕಿದ ಪಟ್ಟಿಯನ್ನೂ ಎಲ್ಲರಿಗೆ ತೋರಿಸಬೇಡಿ. ಪಾರದರ್ಶಕತೆ ಒಳ್ಳೆಯದೇ, ಆದರೆ ಸಂಜೆಗಳಿಗೆ ಮಾತ್ರ "ಆಗಲ್ಲ" ಅಂದ ಒಂದೇ ಸಾಲು ಹೆಸರಿಲ್ಲದೆಯೂ ಯಾರದ್ದೆಂದು ಹೇಳಿಬಿಡುತ್ತದೆ.

ಅವರಾಗಿಯೇ ಬಂದು ಕಾರಣ ಹೇಳಿದರೆ? ಕೇಳಿಸಿಕೊಳ್ಳಿ, "ಸರಿ, ಸಮಯ ನೋಡ್ತೀನಿ" ಅನ್ನಿ. ಎಲ್ಲೂ ಬರೆದಿಡಬೇಡಿ, ಇನ್ನೊಬ್ಬರಿಗೆ ಹೇಳಬೇಡಿ. ಮುಂದಿನ ವಾರ "ಅಪ್ಪ ಹೇಗಿದ್ದಾರೆ?" ಎಂದು ಎಲ್ಲರೆದುರು ಕೇಳುವ ಪ್ರೀತಿಯೂ ಬೇಡ. ಕೇಳಲೇಬೇಕು ಅನಿಸಿದರೆ ಒಬ್ಬರೇ ಇದ್ದಾಗ ಕೇಳಿ.

ಮೀಟಿಂಗ್ ಕ್ಯಾಲೆಂಡರ್ ತಂತ್ರಾಂಶದ ಬಗ್ಗೆ ಎರಡು ಮಾತು. ಊಟದ ಬಿಡುವನ್ನೂ ಹೊರಡುವ ಹೊತ್ತನ್ನೂ ಎಲ್ಲರೂ ತಮ್ಮ ತಮ್ಮ ಕ್ಯಾಲೆಂಡರಿನಲ್ಲಿ Busy ಎಂದು ಹಾಕಿಕೊಳ್ಳಲಿ. ಗೂಗಲ್ ಕ್ಯಾಲೆಂಡರಿನಲ್ಲಿ ಅದಕ್ಕೆ Private ಎಂಬ ಆಯ್ಕೆ ಇದೆ. ಆದರೆ ನಿಮ್ಮ ಕ್ಯಾಲೆಂಡರನ್ನು ತಿದ್ದುವ ಅನುಮತಿ ಯಾರಿಗಾದರೂ ಕೊಟ್ಟಿದ್ದರೆ ಅವರಿಗೆ Private ಇದ್ದರೂ ವಿವರ ಕಾಣುತ್ತದೆ. ಅದಕ್ಕೇ ಶೀರ್ಷಿಕೆಯಲ್ಲೇ "ಡಯಾಲಿಸಿಸ್" ಎಂದು ಬರೆಯದೆ "ಬ್ಯುಸಿ" ಎಂದಷ್ಟೇ ಬರೆಯುವುದು ಕ್ಷೇಮ. ಮೀಟಿಂಗ್ ಇಡುವವರು ಆ Busy ಮೇಲೆ ಮೀಟಿಂಗ್ ಹೇರಿ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನಬಾರದು. ಒಂದು ಸಲ ಹೇರಿದರೆ ಸಾಕು, ಆಮೇಲೆ ಅದನ್ನು ಯಾರೂ ನಂಬುವುದಿಲ್ಲ, ಹಾಕುವುದೂ ಇಲ್ಲ.

ನಿಮ್ಮ ತಂಡದಲ್ಲಿ ಬೇರೆ ದೇಶದವರೂ ಇದ್ದರೆ ಇನ್ನೊಂದು ಎಚ್ಚರ. ಯುರೋಪಿನ ಹೆಚ್ಚಿನ ದೇಶಗಳು ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ತಿರುಗಿಸುತ್ತವೆ. ಅಮೆರಿಕದ ಹೆಚ್ಚಿನ ರಾಜ್ಯಗಳು ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ. ಗಡಿಯಾರ ತಿರುಗಿಸದ ದೇಶದವರಿಗೆ ಆ ಮೀಟಿಂಗ್ ಒಂದು ಗಂಟೆ ಹಿಂದೆಯೋ ಮುಂದೆಯೋ ಜಾರುತ್ತದೆ, ಅವರು ಏನೂ ಮಾಡದೆಯೇ. ನೀವು ಕಷ್ಟಪಟ್ಟು ಹುಡುಕಿದ ಹೊತ್ತು ಸದ್ದಿಲ್ಲದೆ ಅವರ ಊಟದ ಮೇಲೋ ಮಗುವನ್ನು ಕರೆತರುವ ಹೊತ್ತಿನ ಮೇಲೋ ಕೂತಿರುತ್ತದೆ. ಅಂಥ ತಂಡದಲ್ಲಿ ಮೂರು ತಿಂಗಳಿನ ಪ್ರಶ್ನೆಯ ಜೊತೆಗೆ ಏಪ್ರಿಲ್ ಮೊದಲ ವಾರ ಮತ್ತು ನವೆಂಬರ್ ಎರಡನೇ ವಾರವೂ ಅದೇ ಫಾರ್ಮನ್ನು ಕಳಿಸಿದರೆ ಇದೂ ತೀರುತ್ತದೆ.

ಹೊಸ ಸಮಯ ಸರಿಹೋಯಿತೇ ಎಂದು ತಿಳಿಯಲೂ ಯಾರನ್ನೂ ಕೇಳಬೇಕಿಲ್ಲ. ಐದಾರು ವಾರ ಮೀಟಿಂಗನ್ನೇ ಗಮನಿಸಿ. ಯಾರಾದರೂ ಪದೇ ಪದೇ "ಎಷ್ಟು ಹೊತ್ತಾಗಬಹುದು?" ಅನ್ನುತ್ತಿದ್ದಾರಾ? ಕೊನೆಯ ಹತ್ತು ನಿಮಿಷ ಒಬ್ಬರೇ ಯಾವಾಗಲೂ ಸುಮ್ಮನಿರುತ್ತಾರಾ? ಬರುತ್ತೇನೆ ಎಂದು ಒಪ್ಪಿ ಕೊನೇ ಗಳಿಗೆಯಲ್ಲಿ ತಪ್ಪಿಸುವುದು ಜಾಸ್ತಿ ಆಗಿದೆಯಾ? ಇವುಗಳಲ್ಲಿ ಏನಾದರೂ ಕಂಡರೆ ಆ ವ್ಯಕ್ತಿಗೆ ಏನಾಗಿದೆ ಎಂದು ಯೋಚಿಸಲು ಹೋಗಬೇಡಿ, ಮೂರು ತಿಂಗಳು ಕಾಯಲೂ ಬೇಡಿ. "ಈಗಿನ ಸಮಯ ಒಮ್ಮೆ ಪರಿಶೀಲಿಸೋಣ" ಎಂದು ಅದೇ ಫಾರ್ಮನ್ನು ಒಂಬತ್ತೂ ಜನರಿಗೆ ಮತ್ತೆ ಕಳಿಸಿ.